ಬಸ್ ಚಾರ್ಜು ಕೊಟ್ಟ ಮೇಲೆ ಹೆಸರೇಕೆ?

ಕಾಸರಗೋಡಿನ ಸುತ್ತಮುತ್ತಲಿಂದ ಆಪ್ತಸಲಹೆಗಾಗಿ ನನ್ನಲ್ಲಿಗೆ ಬರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹಲವರ ದೂರು ಒಂದೇ: ಕೆಲಸ ನನ್ನದು, ಹೆಸರು ಎಲ್ಲರದು. ಅವರು ಮೊದಲು ಹೇಳುವುದು ನಿದ್ದೆ ಬರುವುದಿಲ್ಲ ಎಂದು. ಹೆಸರಿನ ಮಾತು ಹೊರಬೀಳುವುದು ಆಮೇಲೆ. ಈ ಪ್ರಕರಣವನ್ನು ಬರೆಯಲು ಕಾರಣ, ಆ ದೂರು ಇಲ್ಲಿ ಒಂದು ವಿಚಿತ್ರ ತಿರುವು ಪಡೆಯಿತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಕೆ ಪಿಎಚ್.ಡಿ.ಯ ಕೊನೆಯ ಹಂತದಲ್ಲಿದ್ದಳು. ವಿಷಯ ನಮ್ಮ ಕಡೆಯ ಸುರಂಗಗಳ ನೀರು. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ಬಗ್ಗಿ ಒಳಗೆ ಹೋಗಿ, ಜಿನುಗುವ ನೀರನ್ನು ಹೊರಗೆ ಹರಿಸುವ ಸುರಂಗಗಳು. ಅವುಗಳ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದ ಪ್ರಬಂಧಕ್ಕೆ ಐದು ಲೇಖಕರಿದ್ದರು: ಆಕೆ, ಅವಳ ಮಾರ್ಗದರ್ಶಕರು, ಯೋಜನೆಯ ಹಣ ತಂದ ಪ್ರಧಾನ ಸಂಶೋಧಕರು (ಈಗ ನಿವೃತ್ತರು), ಸಂಖ್ಯಾಶಾಸ್ತ್ರದ ಒಬ್ಬ ಅಧ್ಯಾಪಕರು ಮತ್ತು ವಿಭಾಗದ ಮುಖ್ಯಸ್ಥರು. ಮಾರ್ಗದರ್ಶಕರು ಬರೆದು ಕಳಿಸಿದ ಎರಡು ವಾಕ್ಯಗಳು ಅವಳ ನಿದ್ದೆ ಕೆಡಿಸಿದ್ದವು. ಒಂದು, ಎಲ್ಲ ಲೇಖಕರೂ ಸಮಾನವಾಗಿ ಕೊಡುಗೆ ನೀಡಿದ್ದಾರೆ ಎಂಬುದು. ಇನ್ನೊಂದು, ಧನಸಹಾಯ ನೀಡಿದ ಸಂಸ್ಥೆಗೆ ಲೇಖಕರು ಕೃತಜ್ಞರು ಎಂಬುದು. ಅದರಲ್ಲಿ ಸಂಸ್ಥೆಯ ಹೆಸರಿತ್ತು, ಮಂಜೂರಾತಿ ಸಂಖ್ಯೆ ಇರಲಿಲ್ಲ.

ಮೊದಲ ಭೇಟಿಯಲ್ಲಿ ಅವಳ ಅಳುವನ್ನು ಕೇಳಿದೆ. ಎರಡನೆಯದರಲ್ಲಿ ಒಂದು ಮನೆಗೆಲಸ ಕೊಟ್ಟೆ. ದೊಡ್ಡ ಹಾಳೆಯ ಎಡಬದಿಯಲ್ಲಿ ಕೆಲಸಗಳನ್ನು ಬರೆಯಬೇಕು, ಮೇಲೆ ಹೆಸರುಗಳನ್ನು. ಪ್ರತಿ ಗುರುತಿನ ಪಕ್ಕದಲ್ಲಿ ಅದಕ್ಕೆ ಆಧಾರವೇನು ಎಂದೂ ಬರೆಯಬೇಕು: ಫೀಲ್ಡ್ ನೋಟ್‌ಬುಕ್ಕಿನ ಪುಟ, ಇಮೇಲ್, ಕರಡಿನ ಮೇಲಿನ ತಿದ್ದುಪಡಿ, ಏನಿದೆಯೋ ಅದು. ಎಡಬದಿಯ ಕೆಲಸಗಳಿಗೆ ಅನೇಕ ಪತ್ರಿಕೆಗಳು ಈಗ ಕೇಳುವ ‘ಕ್ರೆಡಿಟ್’ ಪಟ್ಟಿಯ 14 ಪಾತ್ರಗಳನ್ನೇ ಇಟ್ಟುಕೊಳ್ಳಲು ಹೇಳಿದೆ. ಪರಿಕಲ್ಪನೆ, ವಿಧಾನ, ಪರಿಶೋಧನೆ (ಎಂದರೆ ನಿಜವಾಗಿ ಮಾದರಿ ತಂದು ಅಳೆಯುವುದು), ದತ್ತಾಂಶದ ನಿರ್ವಹಣೆ, ದತ್ತಾಂಶದ ವಿಶ್ಲೇಷಣೆ, ತಾಳೆ ನೋಡುವುದು, ಮೊದಲ ಕರಡು, ಪರಿಶೀಲನೆ ಮತ್ತು ತಿದ್ದುವಿಕೆ, ಮೇಲ್ವಿಚಾರಣೆ, ಹಣ ತರುವುದು ಇತ್ಯಾದಿ. ಆಪ್ತಸಲಹೆಗಾರ್ತಿಗೆ ಹಸ್ತಪ್ರತಿಯ ಉಸಾಬರಿ ಏಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ಎರಡು ವಾಕ್ಯದಿಂದ ಹೋದ ನಿದ್ದೆಯನ್ನು ಉಸಿರಾಟದ ಅಭ್ಯಾಸದಿಂದ ತರಲು ನನಗೆ ಬರುವುದಿಲ್ಲ. ಆ ವಾಕ್ಯಗಳನ್ನೇ ಬಿಚ್ಚಬೇಕು.

ಮೂರನೆಯ ಭೇಟಿಗೆ ಆಕೆ ಹಾಳೆಯೊಂದಿಗೆ ಬಂದಳು. ಮುಖದಲ್ಲಿ ಗೆಲುವಿತ್ತು. ಹೆಚ್ಚಿನ ಗುರುತುಗಳು ಅವಳ ಹೆಸರಿನ ಕೆಳಗೇ ಇದ್ದವು, ಮುಖ್ಯಸ್ಥರ ಕೆಳಗೆ ‘ಸಂಪನ್ಮೂಲ’ ಎಂಬ ಒಂದೇ ಒಂದು. “ನೋಡಿ ಮೇಡಂ, ಸಮಾನವಂತೆ!” ಎಂದಳು. ನಾನು ಆಧಾರಗಳನ್ನು ಓದತೊಡಗಿದೆ. ಪರಿಶೋಧನೆಯ ಸಾಲಿನಲ್ಲಿ, ಮಳೆಗಾಲದ ನಂತರದ ಮಾದರಿಗಳ ಎದುರು, ಎರಡು ನೋಟ್‌ಬುಕ್ಕುಗಳ ಉಲ್ಲೇಖವಿತ್ತು. ಒಂದು ಅವಳದು. ಇನ್ನೊಂದು ಯಾರದು ಎಂದು ಕೇಳಿದೆ.

“ಅದು ಎಂ.ಎಸ್ಸಿ.ಯ ಒಬ್ಬ ಹುಡುಗನದು. ಅವನ ಮನೆ ಅದೇ ಕಡೆ. ಯಾರ ತೋಟದಲ್ಲಿ ಸುರಂಗ ಇದೆ ಎಂದು ಅವನಿಗೆ ಗೊತ್ತಿತ್ತು. ಆ ಸುತ್ತಿನ ಮಾದರಿಗಳನ್ನೆಲ್ಲ ಅವನೇ ತಂದ. ಗಡಸುತನ, ಕ್ಲೋರೈಡ್ ಎರಡರ ಟೈಟ್ರೇಶನ್‌ನಲ್ಲೂ ಜೊತೆಗಿದ್ದ.”

“ಮೇಲಿನ ಹೆಸರುಗಳಲ್ಲಿ ಅವನು ಕಾಣುವುದಿಲ್ಲವಲ್ಲ?”

“ಅವನು ಲೇಖಕನಲ್ಲ ಮೇಡಂ. ಅವನಿಗೆ ಬಸ್ ಚಾರ್ಜು ಕೊಟ್ಟಿದ್ದೇನೆ.”

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿ, “ನಿನಗೆ ಫೆಲೋಶಿಪ್ ಬರುತ್ತದಲ್ಲ ಎಂದು ಗೈಡ್ ಸರ್ ನನಗೂ ಹೇಳಿದ್ದರು” ಎಂದಳು. ಹಣ ಸಿಕ್ಕಿದವರಿಗೆ ಹೆಸರು ಬೇಡ ಎಂಬ ತರ್ಕ ಮೇಲಿನಿಂದ ಬಂದಾಗ ಅನ್ಯಾಯವಾಗಿ ಕಂಡಿತ್ತು, ಕೆಳಗೆ ದಾಟಿಸಿದಾಗ ಸಹಜವಾಗಿತ್ತು.

ಆ ದಿನ ಕೊಟ್ಟ ಸಲಹೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾದರಿ ತಂದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತುಗಳನ್ನು ಹೇಳುತ್ತದೆ. ಬೇರೆ ಕ್ಷೇತ್ರಗಳವರೂ ಅವನ್ನು ಬಳಸುವುದುಂಟು. ಕಲ್ಪನೆ, ದತ್ತಾಂಶ ಸಂಗ್ರಹ, ವಿಶ್ಲೇಷಣೆ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಗಣನೀಯ ಪಾಲು. ಬರೆಯುವುದರಲ್ಲಿ ಅಥವಾ ಗಂಭೀರವಾಗಿ ತಿದ್ದುವುದರಲ್ಲಿ ಪಾಲು. ಕೊನೆಯ ಪ್ರತಿಗೆ ಒಪ್ಪಿಗೆ. ಪ್ರಬಂಧದ ಬಗ್ಗೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ. ನಾಲ್ಕೂ ಬೇಕು. ಆದರೆ ಅದೇ ಸಮಿತಿ ಇನ್ನೊಂದು ಮಾತನ್ನೂ ಸೇರಿಸಿದೆ, ಅದನ್ನು ಓದುವವರು ಕಡಿಮೆ: ಮೊದಲ ಷರತ್ತನ್ನು ಪೂರೈಸಿದವರಿಗೆ ಉಳಿದ ಷರತ್ತುಗಳನ್ನು ಪೂರೈಸುವ ಅವಕಾಶ ಕೊಡಬೇಕು. ಕರಡನ್ನು ತೋರಿಸದೆ ಇಟ್ಟು, ಆಮೇಲೆ ‘ಅವನು ಕರಡು ತಿದ್ದಲಿಲ್ಲ, ಹಾಗಾಗಿ ಲೇಖಕನಲ್ಲ’ ಎನ್ನುವಂತಿಲ್ಲ. ಆದ್ದರಿಂದ ನಾನು ಹೇಳಿದ್ದು, ಹುಡುಗನ ಹೆಸರು ಸೇರಿಸಿ ಎಂದಲ್ಲ. ಅವನಿಗೆ ಕರಡು ಕಳಿಸಿ, ಓದಲು ಸಮಯ ಕೊಡಿ, ಏನು ಬರುತ್ತದೋ ನೋಡಿ ಎಂದು.

ಬಂದದ್ದು ಇದು. ಒಳನಾಡಿನ ಒಂದು ಸುರಂಗದಲ್ಲಿ ಮಳೆಗಾಲದ ನಂತರ ಕ್ಲೋರೈಡ್ ಮತ್ತು ಗಡಸುತನ ಎರಡೂ ಏರಿದ್ದವು. ಮಳೆ ಬಂದ ಮೇಲೆ ಇಳಿಯಬೇಕಾದದ್ದು ಏರಿತೇಕೆ ಎಂದು ಆಕೆ ಕರಡಿನಲ್ಲಿ ಒಂದು ಪೂರ್ತಿ ಪ್ಯಾರಾ ಊಹೆ ಬರೆದಿದ್ದಳು. ಹುಡುಗ ಫೋನು ಮಾಡಿ, “ಅಕ್ಕ, ಆ ಮನೆಯಲ್ಲಿ ಸುರಂಗದ ಬಾಯಿಯಿಂದ ಹಿಡಿಯಲು ಆಗಲಿಲ್ಲ, ಪೈಪು ಸೇರಿಸಿಬಿಟ್ಟಿದ್ದರು. ತೊಟ್ಟಿಯಿಂದ ತೆಗೆದದ್ದು. ಹಿಂದಿನ ದಿನ ಅವರು ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ನನ್ನ ಪುಸ್ತಕದಲ್ಲಿ ಬರೆದಿದ್ದೇನೆ” ಎಂದ. ಬ್ಲೀಚಿಂಗ್ ಪೌಡರಿನಲ್ಲಿ ಇರುವುದೇ ಕ್ಯಾಲ್ಸಿಯಂ ಮತ್ತು ಕ್ಲೋರಿನ್. ಕ್ಯಾಲ್ಸಿಯಂ ಗಡಸುತನವನ್ನು ಹೆಚ್ಚಿಸಿತು, ಕ್ಲೋರಿನ್ ಕ್ಲೋರೈಡ್ ಆಗಿ ಕಾಣಿಸಿಕೊಂಡಿತು. ಆ ಮಾದರಿ ಪಟ್ಟಿಯಿಂದ ಹೊರಗೆ ಹೋಯಿತು, ಊಹೆಯ ಪ್ಯಾರಾವೂ ಹೋಯಿತು. ಹುಡುಗ ಆರನೆಯ ಲೇಖಕನಾದ. ಅವನ ಪಾತ್ರ: ಪರಿಶೋಧನೆ, ತಾಳೆ ನೋಡುವುದು, ಪರಿಶೀಲನೆ ಮತ್ತು ತಿದ್ದುವಿಕೆ. ಪರೀಕ್ಷಕರೊಬ್ಬರು ಅದೇ ಅಂಕಿಯನ್ನು ಹಿಡಿದು ಕೇಳಿದ್ದರೆ ಉತ್ತರ ಕೊಡಬಲ್ಲವನು ಅವನೊಬ್ಬನೇ ಆಗಿದ್ದ. ನಾಲ್ಕನೆಯ ಷರತ್ತು ಇರುವುದು ಅದಕ್ಕೇ.

ಹಣ ತಂದ ಹಿರಿಯರ ವಿಷಯದಲ್ಲೂ ಹಾಳೆ ಅವಳ ನಿರೀಕ್ಷೆಗೆ ವಿರುದ್ಧವಾಗಿ ಹೋಯಿತು. ಕೇವಲ ಹಣ ತಂದವರು ಲೇಖಕರಲ್ಲ ಎಂದು ಅದೇ ಸಮಿತಿ ಸ್ಪಷ್ಟವಾಗಿ ಹೇಳುತ್ತದೆ, ಆಕೆ ಅದನ್ನು ಗೆರೆ ಹಾಕಿ ತಂದಿದ್ದಳು. ಯೋಜನಾ ಪ್ರಸ್ತಾವವನ್ನು ಓದಿದ್ದೀರಾ ಎಂದು ಕೇಳಿದೆ. ಓದಿರಲಿಲ್ಲ, ಅದು ಅವಳು ಸೇರುವ ಮೊದಲಿನದು. ತರಿಸಿ ನೋಡಿದರೆ, ಎರಡು ಋತುಗಳ ಹೋಲಿಕೆ, ಸುರಂಗಗಳನ್ನು ಆರಿಸುವ ಕ್ರಮ, ಅಳೆಯಬೇಕಾದ ಅಂಶಗಳು ಎಲ್ಲವೂ ಅದರಲ್ಲಿದ್ದವು. ಪರಿಕಲ್ಪನೆ ಮತ್ತು ವಿಧಾನ ಅವರದೇ. ಅವರು ಕರಡನ್ನೂ ತಿದ್ದಿದ್ದರು.

ಧನಸಹಾಯದ ವಾಕ್ಯಕ್ಕೆ ಹೆಚ್ಚು ಹೊತ್ತು ಬೇಕಾಯಿತು, ಏಕೆಂದರೆ ಅದು ಅರ್ಧ ಸುಳ್ಳಾಗಿತ್ತು. ಯೋಜನೆಯ ಅವಧಿ ಮಾರ್ಚ್‌ನಲ್ಲಿ ಮುಗಿದು, ಹಣ ಖರ್ಚಾದ ಬಗ್ಗೆ ಯುಟಿಲೈಸೇಶನ್ ಸರ್ಟಿಫಿಕೇಟ್ ಹೋಗಿಯಾಗಿತ್ತು. ಮಳೆಗಾಲದ ನಂತರದ ಮಾದರಿ ತೆಗೆದದ್ದು ನವೆಂಬರ್‌ನಲ್ಲಿ. ಆ ಸುತ್ತಿನ ರಾಸಾಯನಿಕಗಳಿಗೆ ಹಣ ಹೋದದ್ದು ಅವಳ ಯುಜಿಸಿ ಫೆಲೋಶಿಪ್‌ನ ಜೊತೆ ಬಿಡಿ ಖರ್ಚಿಗೆಂದು ಬರುವ ಕಂಟಿಂಜೆನ್ಸಿ ಹಣದಿಂದ. ಹಾಗಿದ್ದರೂ ಇಡೀ ಪ್ರಬಂಧವನ್ನು ಒಂದೇ ಸಂಸ್ಥೆಯ ಖಾತೆಗೆ ಬರೆಯಲಾಗಿತ್ತು, ಫೆಲೋಶಿಪ್‌ನ ಸುದ್ದಿಯೇ ಇರಲಿಲ್ಲ. ನಾವು ಕೂತು ಬರೆದದ್ದರ ತಾತ್ಪರ್ಯ ಹೀಗಿತ್ತು:

‘ಮಳೆಗಾಲದ ಮುಂಚಿನ ಮಾದರಿ ಸಂಗ್ರಹ ಮತ್ತು ಪರೀಕ್ಷೆಗೆ ಸೈನ್ಸ್ ಆಂಡ್ ಎಂಜಿನಿಯರಿಂಗ್ ರಿಸರ್ಚ್ ಬೋರ್ಡ್ (ಇಲ್ಲಿ ಪೂರ್ಣ ಮಂಜೂರಾತಿ ಸಂಖ್ಯೆ) ಪ್ರಧಾನ ಸಂಶೋಧಕರಿಗೆ ನೀಡಿದ ಅನುದಾನದಿಂದ ನೆರವು ದೊರೆಯಿತು. ಮೊದಲ ಲೇಖಕಿಗೆ ಯುಜಿಸಿಯ ಜೂನಿಯರ್ ರಿಸರ್ಚ್ ಫೆಲೋಶಿಪ್ (ಸಂಖ್ಯೆ) ಇದೆ. ಮಳೆಗಾಲದ ನಂತರದ ಪರೀಕ್ಷೆಯ ವೆಚ್ಚ ಅದರ ಕಂಟಿಂಜೆನ್ಸಿಯದು. ಅಧ್ಯಯನದ ರೂಪರೇಷೆ, ವಿಶ್ಲೇಷಣೆ ಮತ್ತು ಪ್ರಕಟಣೆಯ ನಿರ್ಧಾರದಲ್ಲಿ ಧನಸಹಾಯಕರ ಪಾತ್ರವಿಲ್ಲ.’

ಯಾರು ಕೊಟ್ಟರು, ಯಾವ ಸಂಖ್ಯೆ, ಯಾರಿಗೆ, ಯಾವುದಕ್ಕೆ: ಈ ನಾಲ್ಕಕ್ಕೂ ಉತ್ತರವಿದ್ದರೆ ವಾಕ್ಯ ಸರಿಯಾಯಿತು. ಸಂಸ್ಥೆಯ ಹೆಸರನ್ನು ಮಂಜೂರಾತಿ ಪತ್ರದಲ್ಲಿದ್ದಂತೆಯೇ ಬರೆದೆವು. ಆ ಮಂಡಳಿ 2023ರ ಕಾಯ್ದೆಯ ಪ್ರಕಾರ ಅನುಸಂಧಾನ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಒಳಗೆ ಸೇರಿಹೋಗಿರುವುದರಿಂದ, ‘ಈಗ ಈ ಸಂಸ್ಥೆ’ ಎಂದು ಹೊಸ ಹೆಸರನ್ನೂ ಸೇರಿಸಿದೆವು. ಪ್ರಬಂಧದ ಒಳಗೆ ಬರೆದದ್ದೇ ಸಲ್ಲಿಕೆಯ ಆನ್‌ಲೈನ್ ಫಾರ್ಮಿನಲ್ಲೂ ಇರಬೇಕು. ಎಷ್ಟೋ ಕಡೆ ಫಾರ್ಮಿನಿಂದಲೇ ಅನುದಾನದ ಮಾಹಿತಿ ದಾಖಲೆ ವ್ಯವಸ್ಥೆಗಳಿಗೆ ಹೋಗುತ್ತದೆ. ತೋಟದ ಮನೆಯವರಿಗೆ, ದಾರಿ ತೋರಿಸಿದ ಹಳೆಯ ಸುರಂಗ ತೋಡುಗನಿಗೆ ಕೃತಜ್ಞತೆ ಪ್ರತ್ಯೇಕ ಪ್ಯಾರಾದಲ್ಲಿ, ಅವರನ್ನು ಕೇಳಿ ಒಪ್ಪಿಗೆ ಪಡೆದ ಮೇಲೆ ಬಂತು.

ಇನ್ನೊಂದು ಸಣ್ಣ ತೊಡಕು. ಆರು ಲೇಖಕರಲ್ಲಿ ಇಬ್ಬರ ಇನಿಷಿಯಲ್ ಒಂದೇ. ನಮ್ಮಲ್ಲಿ ಕನ್ನಡದವರು ಸಾಮಾನ್ಯವಾಗಿ ಹೆಸರಿಗಿಂತ ಮೊದಲು ಬರೆಯುವುದನ್ನು ಮಲಯಾಳದವರು ಹೆಸರಾದ ಮೇಲೆ ಬರೆಯುತ್ತಾರೆ, ಹಾಗಾಗಿ ಗೊಂದಲ ದುಪ್ಪಟ್ಟು. ಪಾತ್ರಗಳ ಎದುರು ಪೂರ್ಣ ಹೆಸರುಗಳನ್ನೇ ಹಾಕಲು ಹೇಳಿದೆ.

ಇನ್ನು ಉಳಿದದ್ದು ಮುಖ್ಯಸ್ಥರ ಹೆಸರಿನ ಪ್ರಶ್ನೆ. ಪ್ರಯೋಗಾಲಯ ಬಳಸಲು ಬಿಟ್ಟದ್ದಷ್ಟೇ ಅವರ ಪಾಲು. ‘ಸಂಪನ್ಮೂಲ’ ಎಂಬ ಪಾತ್ರ ಪಟ್ಟಿಯಲ್ಲಿರುವುದರಿಂದ ಅದೇ ಲೇಖಕತ್ವಕ್ಕೆ ಸಾಕು ಎಂದು ಅನೇಕರು ತಿಳಿದಿದ್ದಾರೆ. ಆ ಪಟ್ಟಿ ಯಾರು ಏನು ಮಾಡಿದರು ಎಂದು ಹೇಳಲು ಇದೆ, ಯಾರು ಲೇಖಕರು ಎಂದು ತೀರ್ಮಾನಿಸಲು ಅಲ್ಲ. ಇದು ಆಕೆಗೂ ಗೊತ್ತಿತ್ತು, ಮಾರ್ಗದರ್ಶಕರಿಗೂ ಗೊತ್ತಿತ್ತು. ಆದರೂ ಪಿಎಚ್.ಡಿ. ಸಲ್ಲಿಸಲು ಕೆಲವೇ ತಿಂಗಳಿರುವಾಗ ಮುಖ್ಯಸ್ಥರೊಡನೆ ಜಗಳಕ್ಕೆ ಇಳಿಯಿರಿ ಎಂದು ನಾನು ಹೇಳಲಿಲ್ಲ. ಇದಕ್ಕೆ ನನ್ನನ್ನು ಬೈಯುವವರು ಬೈಯಲಿ. ಜಗಳದ ಬೆಲೆ ತೆರುವವಳು ಅವಳು, ನಾನಲ್ಲ. ನಾನು ಹೇಳಿದ್ದು ಇಷ್ಟು: ಅವರಿಗೂ ಕರಡು ಕಳಿಸಿ, ಹುಡುಗನಿಗೆ ಕೊಟ್ಟಷ್ಟೇ ಸಮಯ ಕೊಡಿ. ಅವರು ಬರೆದು ಕಳಿಸಿದರೆ ತಿದ್ದುವಿಕೆಯ ಗುರುತು ಹಾಕಿ. ಇಲ್ಲವಾದರೆ ‘ಸಂಪನ್ಮೂಲ’ ಒಂದನ್ನೇ ಬರೆಯಿರಿ, ಉಳಿದದ್ದನ್ನು ಓದುಗರು ಓದಿಕೊಳ್ಳುತ್ತಾರೆ. ಅವರು ಏನೂ ಬರೆಯಲಿಲ್ಲ. ಪ್ರಬಂಧದಲ್ಲಿ ಯಾರ ಪಾತ್ರವೇನು ಎಂದು ಹೇಳುವ ಹೇಳಿಕೆಯಲ್ಲಿ ಅವರ ಹೆಸರಿನ ಎದುರು ಒಂದೇ ಪದವಿದೆ.

‘ಸಮಾನವಾಗಿ’ ಎಂಬ ವಾಕ್ಯವನ್ನು ತೆಗೆಯಲು ಮಾರ್ಗದರ್ಶಕರು ಅರೆಗಳಿಗೆಯಲ್ಲಿ ಒಪ್ಪಿದರಂತೆ. ಹಾಳೆಯನ್ನು ಮುಂದಿಟ್ಟಾಗ ಅವರು ಕೇಳಿದ್ದು ಒಂದೇ: ಮೇಲ್ವಿಚಾರಣೆಯ ಜೊತೆ ವಿಶ್ಲೇಷಣೆಯಲ್ಲೂ ತನ್ನ ಪಾಲಿದೆಯಲ್ಲವೇ ಎಂದು. ಇತ್ತು. ಸಂಖ್ಯಾಶಾಸ್ತ್ರದ ಅಧ್ಯಾಪಕರಿಗೆ ಹೋದ ಇಮೇಲ್‌ಗಳಲ್ಲಿ ಅದು ಕಾಣುತ್ತಿತ್ತು, ಆಕೆ ಗುರುತು ಹಾಕಲು ಬಿಟ್ಟಿದ್ದಳು.

ಇಂಥ ದೂರಿನೊಂದಿಗೆ ಬರುವವರಿಗೆ ನಾನು ಈಗ ಮುಂಚಿತವಾಗಿಯೇ ಹೇಳಿಕಳಿಸುತ್ತೇನೆ: ಮಂಜೂರಾತಿ ಪತ್ರ, ಯೋಜನಾ ಪ್ರಸ್ತಾವ ಮತ್ತು ಎಲ್ಲರ ನೋಟ್‌ಬುಕ್ಕುಗಳನ್ನು ತನ್ನಿ. ನಿಮ್ಮದನ್ನು ಮಾತ್ರ ತರಬೇಡಿ.