ಮೆಣಸಿನಕಾಯಿ ಲೆಕ್ಕದ ಹಾಳೆ: 2.20 ಎಂದರೆ ಎಷ್ಟು ಎಕರೆ?

ಪ್ರಶ್ನೆ: "ಹಾವೇರಿ ಭಾಗದ ನಾವು ಕೆಲವರು ಸೇರಿ ಮೆಣಸಿನಕಾಯಿಯ ಲೆಕ್ಕವನ್ನು ಹೊಲವಾರು ಶೀಟಿಗೆ ತುಂಬಿದ್ದೇವೆ. ಯಾವ ಕಾಲಂ ಏನು ಎಂಬ ವಿವರಣೆಯ ಹಾಳೆಯೂ ಇದೆ. ಸರಾಸರಿ ತೆಗೆಯುವ ಮೊದಲು ಅದರಲ್ಲಿ ಏನೇನು ಸರಿಪಡಿಸಬೇಕು?"

ಎರಡೂ ಹಾಳೆಗಳನ್ನು ನೋಡಿದೆ, ಸರ್. ಮೊದಲು 'ಕ್ಷೇತ್ರ' ಕಾಲಂ ಹಿಡಿಯಿರಿ. ವಿವರಣೆಯಲ್ಲಿ ಬರೀ "ಎಕರೆ" ಎಂದಿದೆ. ಆದರೆ ಉತಾರ ನೋಡಿ ತುಂಬಿದವರು 2.20 ಎಂದು ಬರೆದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅದರ ಮೇಲೆ ಶೀಟು ಕೊನೆಯ ಸೊನ್ನೆಯನ್ನು ನುಂಗಿ 2.2 ಎಂದು ತೋರಿಸುತ್ತದೆ. ಓದಿದವರು ಎರಡು ಎಕರೆ ಎರಡು ಗುಂಟೆ ಎಂದುಕೊಂಡರೆ ತಪ್ಪೇನು? ಆ ಹೊಲದಲ್ಲಿ 10 ಕ್ವಿಂಟಲ್ ಬಂದಿದೆ. ಎರಡೂವರೆ ಎಕರೆಗೆ ಹಂಚಿದರೆ ಎಕರೆಗೆ 4 ಕ್ವಿಂಟಲ್, 2.2ಕ್ಕೆ ಹಂಚಿದರೆ ನಾಲ್ಕೂವರೆ, ಎರಡು ಎಕರೆ ಎರಡು ಗುಂಟೆಗೆ ಹಂಚಿದರೆ ಹತ್ತಿರ ಹತ್ತಿರ 5.

ಚುಕ್ಕೆಯ ನಂತರದ ಎರಡಂಕಿ ಎಲ್ಲಿಯೂ 39 ದಾಟದಿದ್ದರೆ ಅದು ಗುಂಟೆ ಇರಬಹುದು. ನಿಮ್ಮಲ್ಲಿ 1.75 ಕೂಡ ಇದೆ, ಅದು ಗುಂಟೆಯಾಗಲಾರದು, ಅಂದರೆ ಎರಡೂ ಪದ್ಧತಿ ಬೆರೆತಿರಬಹುದು. ಊಹಿಸಿ ತಿದ್ದಬೇಡಿ, ತುಂಬಿದವರನ್ನೇ ಕೇಳಿ. ಮುಂದೆ ಎಕರೆಗೆ ಒಂದು, ಗುಂಟೆಗೆ ಒಂದು ಕಾಲಂ ಇಟ್ಟು ಮೂರನೆಯದರಲ್ಲಿ ಹೀಗೆ ಕೂಡಿಸಿ:

```
=A2+B2/40
```

ಖಾಲಿ ಮನೆಗಳಲ್ಲೆಲ್ಲ 99 ಹಾಕಿ ಎಂದು ರಾಣೆಬೆನ್ನೂರಿನ ಅಣ್ಣನವರು ಹೇಳಿದ್ದಾರೆ. ಖಾಲಿ ಬಿಟ್ಟರೆ ಗೊಂದಲ ಎಂಬ ಮಾತು ನಿಜ. ಆದರೆ ಮಳೆಯ ಕಾಲಂನಲ್ಲಿ 99 ಮಿಲಿಮೀಟರ್ ನಿಜವಾಗಿಯೂ ಬೀಳಬಹುದಾದ ಮಳೆ! ಇಳುವರಿಯಲ್ಲಿ ನೀವು ಹಾಕಿರುವ 0 ಇನ್ನೂ ಕೆಟ್ಟದ್ದು. ಎಕರೆವಾರು 8, 6, 0, 7, 0 ಎಂಬ ಐದು ಸಾಲುಗಳನ್ನು ನೋಡಿ. ಹಾಗೆಯೇ ತೆಗೆದರೆ ಸರಾಸರಿ 4.2. ಎರಡೂ ಸೊನ್ನೆ "ಹೇಳಲಿಲ್ಲ" ಎಂದಾದರೆ 7. ಒಬ್ಬರ ಬೆಳೆ ಪೂರ್ತಿ ಹೋಗಿ, ಇನ್ನೊಬ್ಬರು ಹೇಳದೆ ಇದ್ದರೆ 5.25. AVERAGE ಖಾಲಿ ಮನೆಯನ್ನೂ ಅಕ್ಷರವನ್ನೂ ಬಿಟ್ಟು ಎಣಿಸುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ. ಹಾಗಾಗಿ ಬೆಳೆ ಹೋದವರಿಗೆ ಮಾತ್ರ 0 ಇರಲಿ. ಉಳಿದವರ ಇಳುವರಿ ಖಾಲಿ ಬಿಟ್ಟು, ಪಕ್ಕದ ಕಾಲಂನಲ್ಲಿ "ಹೇಳಲಿಲ್ಲ", "ಇನ್ನೂ ಕೊಯ್ದಿಲ್ಲ" ಎಂದು ಕಾರಣ ಬರೆಯಿರಿ.

'ತೂಕ_2' ಏನೆಂದು ವಿವರಣೆಯಲ್ಲಿಯೇ ಇಲ್ಲ. ಬಹುತೇಕ ಸಾಲುಗಳಲ್ಲಿ ಅದು 'ತೂಕ_1'ರ ಮೂರು ನಾಲ್ಕು ಪಟ್ಟು ಇರುವುದರಿಂದ ಒಣಗಿಸುವ ಮೊದಲಿನ ಹಸಿ ತೂಕ ಎಂದು ನನ್ನ ಅನುಮಾನ. ಆದರೆ ಎರಡು ಸಾಲುಗಳಲ್ಲಿ ಎರಡೂ ತೂಕ ಒಂದೇ ಇವೆ, ಅವು ಈ ಅನುಮಾನಕ್ಕೆ ಹೊಂದುತ್ತಿಲ್ಲ. ಕಾಲಂ ಅಳಿಸಬೇಡಿ, "ಅರ್ಥ ಖಚಿತವಿಲ್ಲ, ಲೆಕ್ಕಕ್ಕೆ ಬಳಸಬಾರದು" ಎಂದು ವಿವರಣೆಯಲ್ಲಿ ಸೇರಿಸಿ.

ಬ್ಯಾಡಗಿಯ ಅಕ್ಕನವರು ಎಲೆ ಮುಟುರುವುದರ ಬಗ್ಗೆ ಕೇಳಿದ್ದಾರೆ. ಅಕ್ಕಾ, ಅದು ಈ ಹಾಳೆಯ ಮಾತಲ್ಲ, ಎಲೆಯ ಫೋಟೊ ಹಾಕಿ ಬೇರೆಯಾಗಿ ಕೇಳಿ. ಸರ್, ಎರಡೂ ತೂಕ ಒಂದೇ ಇರುವ ಆ ಎರಡು ಸಾಲುಗಳನ್ನು ತುಂಬಿದವರು ಯಾರು?