ಪುಕ್ಕಟೆ ಶೇರು ಅಲ್ಲ, ಒಂದು ತಿಂಗಳ ಸಾಲ

ಸಂಪಾದಕರೇ, ನನ್ನ ಭಾವಮೈದುನ ಒಂದು ಉಪಾಯ ಹೇಳಿಕೊಟ್ಟ. ಸಾವಿರ ರೂಪಾಯಿ ಇರುವ ಒಂದು ಕಂಪನಿಯ ಶೇರಿನಲ್ಲಿ 1,000ದ ಕಾಲ್ ಕೊಂಡು, 1,000ದ ಪುಟ್ ಮಾರಿದರೆ ಶೇರು ಇಟ್ಟುಕೊಂಡ ಹಾಗೇ ಆಗುತ್ತದಂತೆ. ಹೋದ ವಾರ ಒಂದು ಲಾಟ್ (500 ಶೇರು) ಹಾಕಿದೆ. ಕಾಲ್‌ಗೆ 33 ಕೊಟ್ಟೆ, ಪುಟ್‌ಗೆ 37 ಸಿಕ್ಕಿತು. ಅಂದರೆ ನನಗೇ 2,000 ರೂಪಾಯಿ ವಾಪಸ್ ಬಂತು! ಐದು ಲಕ್ಷದ ಶೇರಿಗೆ ದುಡ್ಡು ಕೊಡುವ ಬದಲು ದುಡ್ಡು ಬರುತ್ತೆ ಅಂದರೆ ಎಲ್ಲರೂ ಯಾಕೆ ಹೀಗೇ ಮಾಡಲ್ಲ? ಬ್ರೋಕರ್ ಹತ್ತಿರ ಮಾರ್ಜಿನ್ ಅಂತ ಒಂದೂವರೆ ಲಕ್ಷ ಠೇವಣಿ ಇಟ್ಟಿದ್ದೇನೆ. ಇದರಲ್ಲಿ ಕಾಣದ ಅಪಾಯ ಏನಾದರೂ ಇದೆಯಾ?
— ಓದುಗರೊಬ್ಬರು, ದಾವಣಗೆರೆ

ನಿಮ್ಮ ಭಾವಮೈದುನ ಹೇಳಿದ್ದರಲ್ಲಿ ಅರ್ಧ ಪೂರಾ ಸರಿ. ಕಾಲ್ ಅಂದರೆ ಗೊತ್ತುಮಾಡಿದ ಬೆಲೆಗೆ ಶೇರು ಕೊಳ್ಳುವ ಹಕ್ಕು, ಪುಟ್ ಅಂದರೆ ಮಾರುವ ಹಕ್ಕು. ಆ ಬೆಲೆಯೇ ಸ್ಟ್ರೈಕ್, ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಒಂದೇ ಸ್ಟ್ರೈಕ್, ಒಂದೇ ಎಕ್ಸ್‌ಪೈರಿಯ ಕಾಲ್ ಕೊಂಡು ಪುಟ್ ಮಾರಿದರೆ ಲಾಭ ನಷ್ಟ ಶೇರಿನ ಜೊತೆಗೇ ಏರುತ್ತೆ, ಇಳಿಯುತ್ತೆ. ಶೇರು 50 ರೂಪಾಯಿ ಏರಿದರೆ ಎಕ್ಸ್‌ಪೈರಿ ದಿನ ಕಾಲ್‌ನಿಂದ 50 ಬರುತ್ತೆ. 50 ಇಳಿದರೆ ಪುಟ್ ಮಾರಿದ್ದಕ್ಕೆ 50 ಹೋಗುತ್ತೆ. ಮಾರುಕಟ್ಟೆಯಲ್ಲಿ ಇದಕ್ಕೆ ಸಿಂಥೆಟಿಕ್ ಲಾಂಗ್ ಅಂತಾರೆ. ನೋಡಲು ಆಪ್ಷನ್, ನಡೆಯುವುದು ಮುಂದಿನ ತಾರೀಕಿನ ಖರೀದಿಗೆ ಇವತ್ತೇ ಬೆಲೆ ಗೊತ್ತುಮಾಡುವ ಫ್ಯೂಚರ್ ಹಾಗೆ.

ಮೊದಲು ಆ 2,000 ರೂಪಾಯಿ ವಿಷಯ ಮುಗಿಸೋಣ. ಯಾರೂ ನಿಮಗೆ ಸುಮ್ನೆ ದುಡ್ಡು ಕೊಟ್ಟಿಲ್ಲ.

ನಿಮ್ಮ ಎದುರಿಗೆ ವ್ಯವಹಾರ ಮಾಡಿದ ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಿ. ಅವನು ನಿಮಗೆ ಕಾಲ್ ಮಾರಿದ, ನಿಮ್ಮಿಂದ ಪುಟ್ ಕೊಂಡ. ಬೆಲೆ ಏರಿದರೆ ಅವನಿಗೆ ನಷ್ಟ. ಅದನ್ನು ತಪ್ಪಿಸಲು ಇವತ್ತೇ 1,000 ಕೊಟ್ಟು ಶೇರು ಕೊಂಡು ಇಟ್ಟುಕೊಳ್ಳುತ್ತಾನೆ. ತಿಂಗಳ ಕೊನೆಗೆ ಬೆಲೆ ಎಷ್ಟೇ ಇರಲಿ, ಅವನ ಶೇರು ನಿಮಗೆ 1,000ಕ್ಕೆ ಬರುತ್ತೆ. ಒಂದು ತಿಂಗಳು ಅವನ ದುಡ್ಡು ಕಟ್ಟಿಬಿದ್ದಿರುತ್ತಲ್ಲ, ಅದಕ್ಕೆ ಬಡ್ಡಿ ಬೇಕು. ವರ್ಷಕ್ಕೆ 7 ಪರ್ಸೆಂಟ್ ಹಿಡಿದರೆ ಸಾವಿರಕ್ಕೆ ತಿಂಗಳಿಗೆ ಸುಮಾರು 6 ರೂಪಾಯಿ. ಹಾಗಾಗಿ ಸಾಮಾನ್ಯವಾಗಿ ಕಾಲ್ ಬೆಲೆ ಪುಟ್‌ಗಿಂತ 6 ರೂಪಾಯಿ ಜಾಸ್ತಿ ಇರಬೇಕು. ನೀವು ಕೈಯಿಂದ ಕೊಡಬೇಕು, ನಿಮಗೆ ಬರಬಾರದು.

ನಿಮ್ಮಲ್ಲಿ ಉಲ್ಟಾ ಆಗಿದೆ, ಪುಟ್ 4 ರೂಪಾಯಿ ಜಾಸ್ತಿ. ವ್ಯತ್ಯಾಸ ಹತ್ತು ರೂಪಾಯಿ. ಇಂಥದ್ದು ಕಂಡಾಗ ನಾನು ಮೊದಲು ನೋಡುವುದು ಡಿವಿಡೆಂಡ್ ತಾರೀಕು. ಎಕ್ಸ್‌ಪೈರಿಗೆ ಮೊದಲು ಕಂಪನಿ ಶೇರಿಗೆ 10 ರೂಪಾಯಿ ಡಿವಿಡೆಂಡ್ ಕೊಡುವುದಿದ್ದರೆ ಲೆಕ್ಕ ಅಲ್ಲೇ ಸರಿಹೋಗುತ್ತೆ. ಕಂಪನಿಯ ಪ್ರಕಟಣೆ ತೆಗೆದು ಎಕ್ಸ್-ಡೇಟ್, ಅಂದರೆ ಆ ದಿನದಿಂದ ಕೊಂಡವರಿಗೆ ಈ ಡಿವಿಡೆಂಡ್ ಸಿಗದ ತಾರೀಕು, ನೋಡಿಕೊಳ್ಳಿ. ಡಿವಿಡೆಂಡ್ ಹೋಗುವುದು ಶೇರು ಇಟ್ಟುಕೊಂಡವನಿಗೆ, ಅಂದರೆ ಆ ವ್ಯಾಪಾರಿಗೆ. ಎಕ್ಸ್-ಡೇಟ್ ದಿನ ಶೇರಿನ ಬೆಲೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ, ಆ ಇಳಿತ ನಿಮ್ಮ ಪಾಲಿಗೆ. ನಮ್ಮಲ್ಲಿ ಡಿವಿಡೆಂಡ್ ಶೇರು ಬೆಲೆಯ 2 ಪರ್ಸೆಂಟ್ ಮುಟ್ಟಿದರೆ ಮಾತ್ರ ಎಕ್ಸ್‌ಚೇಂಜ್‌ನವರು ಸ್ಟ್ರೈಕ್ ಬೆಲೆಯನ್ನು ಇಳಿಸಿಕೊಡುತ್ತಾರೆ. ಸಾವಿರಕ್ಕೆ ಹತ್ತು ಅಂದರೆ ಒಂದೇ ಪರ್ಸೆಂಟ್, ಅದಕ್ಕೆ ಹೊಂದಾಣಿಕೆ ಇಲ್ಲ. ನಿಮಗೆ ತಪ್ಪುವ ಡಿವಿಡೆಂಡ್ 5,000 ರೂಪಾಯಿ. ಅದರಲ್ಲಿ 3,000 ಬಡ್ಡಿಗೆ ಮುರಿದುಕೊಂಡು ಉಳಿದ 2,000 ನಿಮ್ಮ ಕೈಗೆ ಮುಂಚೆಯೇ ಬಂದಿದೆ, ಅಷ್ಟೇ.

ಆ ವ್ಯಾಪಾರಿಯ ಕಡೆಯಿಂದ ನೋಡಿದಾಗಲೇ ಅಸಲು ವಿಷಯವೂ ಗೊತ್ತಾಗುತ್ತೆ. ನೀವು ಐದು ಲಕ್ಷದ ಶೇರನ್ನು ಸಾಲದ ಮೇಲೆ ಹಿಡಿದಿದ್ದೀರಿ. ಬ್ರೋಕರ್ ಆ್ಯಪ್‌ನಲ್ಲಿ ಎಲ್ಲೂ 'ಸಾಲ 5,00,000' ಅಂತ ತೋರಿಸಲ್ಲ. ಒಂದು ಸಾಲಿನಲ್ಲಿ +500 ಕಾಲ್, ಇನ್ನೊಂದರಲ್ಲಿ -500 ಪುಟ್, ಪಕ್ಕದಲ್ಲಿ ಸಣ್ಣಸಣ್ಣ ಬೆಲೆಗಳು. ಕಾಣದ ಅಪಾಯ ಅಂತ ಕೇಳಿದಿರಲ್ಲ, ಶುರುವಾಗುವುದೇ ಅಲ್ಲಿಂದ.

ಈ ಸಾಲ ತೀರಿಸುವ ದಿನ ಎಕ್ಸ್‌ಪೈರಿ. ನಿಫ್ಟಿಯಂಥ ಸೂಚ್ಯಂಕದ ಆಪ್ಷನ್‌ನಲ್ಲಿ ವ್ಯತ್ಯಾಸವನ್ನು ದುಡ್ಡಿನಲ್ಲಿ ಕೊಟ್ಟು ತೆಗೆದುಕೊಂಡು ಮುಗಿಸುತ್ತಾರೆ. ಕಂಪನಿ ಶೇರಿನ ಆಪ್ಷನ್ ಹಾಗಲ್ಲ. 2018ರ ಜುಲೈಯಿಂದ ಹಂತಹಂತವಾಗಿ ಬಂದ ನಿಯಮ, 2019ರ ಅಕ್ಟೋಬರ್ ಹೊತ್ತಿಗೆ ಎಲ್ಲ ಕಂಪನಿ ಶೇರಿಗೂ ಬಂತು: ನಿಜವಾದ ಶೇರೇ ಕೈ ಬದಲಾಗಬೇಕು. ಬೆಲೆ 1,040ಕ್ಕೆ ನಿಂತರೆ ನಿಮ್ಮ ಕಾಲ್ ತಾನಾಗಿ ಜಾರಿಯಾಗುತ್ತೆ, ನೀವು 1,000ದಂತೆ 500 ಶೇರು ಕೊಳ್ಳಬೇಕು. 960ಕ್ಕೆ ನಿಂತರೆ ಪುಟ್ ನಿಮ್ಮ ಮೇಲೆ ಬೀಳುತ್ತೆ, ಆಗಲೂ 1,000ದಂತೆ 500 ಶೇರು ಕೊಳ್ಳಬೇಕು. ಮೇಲೆ ಹೋದರೂ ಕೆಳಗೆ ಬಂದರೂ ಐದು ಲಕ್ಷ ರೊಕ್ಕ ಎಣಿಸಲೇಬೇಕು. ನಿಮ್ಮ ಹತ್ತಿರ ಇರುವುದು ಒಂದೂವರೆ ಲಕ್ಷ. ಬೇರೆ ಶೇರು ಅಡ ಇಟ್ಟು ಮಾರ್ಜಿನ್ ಪಡೆದಿದ್ದರೆ ಅದೂ ಇಲ್ಲಿ ನಡೆಯಲ್ಲ, ಡೆಲಿವರಿಗೆ ನಗದೇ ಬೇಕು.

ಈ ಬಿಸಿ ಕೊನೇ ದಿನಕ್ಕಿಂತ ಮೊದಲೇ ತಟ್ಟುತ್ತೆ. ಎಕ್ಸ್‌ಪೈರಿಗೆ ನಾಲ್ಕು ವಹಿವಾಟಿನ ದಿನ ಇರುವಾಗಲೇ, ಲಾಭದಲ್ಲಿರುವ ಸ್ಟ್ರೈಕಿನ ಕಾಲ್ ಹಿಡಿದವರಿಂದ ಡೆಲಿವರಿ ಮಾರ್ಜಿನ್ ಕೇಳಲು ಶುರು ಮಾಡುತ್ತಾರೆ. ಅದು ದಿನದಿಂದ ದಿನಕ್ಕೆ ಏರುತ್ತೆ. ಅದರ ಮೇಲೆ ಬ್ರೋಕರ್ ತನ್ನದೊಂದು ಪಾಲು ಸೇರಿಸಬಹುದು. ದುಡ್ಡು ಸಾಲದಿದ್ದರೆ ಅವರೇ ಪೊಸಿಷನ್ ಮುಚ್ಚುತ್ತಾರೆ.

ಈಗ ಒಂದು ಸನ್ನಿವೇಶ ನೋಡಿ. ಎಕ್ಸ್‌ಪೈರಿಯ ಹಿಂದಿನ ದಿನ, ಸೋಮವಾರ. ಶೇರು 1,015ರಲ್ಲಿದೆ. ಕಾಲ್‌ಗೆ ಬೇಕಾದ ಡೆಲಿವರಿ ಮಾರ್ಜಿನ್ ನಿಮ್ಮಲ್ಲಿ ಇಲ್ಲ ಅಂತ ಬ್ರೋಕರ್ ಕಾಲನ್ನು ಮಾತ್ರ 18 ರೂಪಾಯಿಗೆ ಮಾರಿಬಿಡುತ್ತಾರೆ. ಪುಟ್‌ನ ಬೆಲೆ ಆಗ ಬರೀ ಮೂರ್ನಾಲ್ಕು ರೂಪಾಯಿ, ಅದರ ಸುದ್ದಿಗೆ ಯಾರೂ ಹೋಗಲ್ಲ. ಮಂಗಳವಾರ ಮಧ್ಯಾಹ್ನ ಶೇರು ಜಾರಿ 994ಕ್ಕೆ ಮುಗಿಯುತ್ತೆ. ಕಾಲ್ ಹೋಯಿತು, ಪುಟ್ ನಿಮ್ಮ ಮೇಲೆ ಬಿತ್ತು. ಪುಟ್‌ಗೆ ಹೋದದ್ದು ಆರು ರೂಪಾಯಿಯಂತೆ 3,000, ಅದೇನು ದೊಡ್ಡದಲ್ಲ. ಆದರೆ ಐದು ಲಕ್ಷದ ಖರೀದಿ ನಿಮ್ಮ ಹೆಸರಿನಲ್ಲಿ ಕೂತಿದೆ. ಕಮ್ಮಿ ಬಿದ್ದ ದುಡ್ಡಿಗೆ ಬಡ್ಡಿ ಶುರು. ಶೇರು ನಿಮ್ಮ ಖಾತೆಗೆ ಬಂದು ಮಾರುವ ತನಕ ಬೆಲೆ ಎತ್ತ ಹೋದರೂ ನಿಮ್ಮ ತಲೆ ಮೇಲೆ. ಎರಡು ಭಾಗದ ಪೊಸಿಷನ್‌ನ ಒಂದೇ ಭಾಗ ಮುಚ್ಚುವುದು ಎಷ್ಟು ತೊಂದರೆ ಅಂತ ಆ ದಿನ ಗೊತ್ತಾಗುತ್ತೆ.

ಇನ್ನು ಬೆಲೆ ಧಡಕ್ಕನೆ ಬಿದ್ದಾಗ ಏನಾಗುತ್ತೆ ಅನ್ನೋದು. 2025ರ ಮಾರ್ಚ್ 10ರ ಸಂಜೆ ಇಂಡಸ್‌ಇಂಡ್ ಬ್ಯಾಂಕು ತನ್ನ ಡೆರಿವೇಟಿವ್ ಲೆಕ್ಕಗಳಲ್ಲಿ ವ್ಯತ್ಯಾಸ ಇದೆ ಅಂತ ಹೇಳಿತು. ಮರುದಿನ ಆ ಶೇರು ಒಂದೇ ದಿನದಲ್ಲಿ ಸುಮಾರು 27 ಪರ್ಸೆಂಟ್ ಇಳಿಯಿತು, 900ರ ಆಸುಪಾಸಿನಿಂದ 656ರ ಹತ್ತಿರಕ್ಕೆ. ಆಪ್ಷನ್ ಇರುವ ಶೇರುಗಳಿಗೆ ಬೇರೆ ಶೇರುಗಳ ಥರ ದಿನಕ್ಕೆ ಇಷ್ಟೇ ಅನ್ನುವ ಗಟ್ಟಿ ಮಿತಿ ಇಲ್ಲ. ಮಿತಿ ಮುಟ್ಟಿದರೆ ಅದನ್ನೇ ಸಡಿಲಿಸುತ್ತಾ ಹೋಗುತ್ತಾರೆ. ನಡುವೆ ಸ್ಟಾಪ್‌ಲಾಸ್ ಹಾಕಿದ್ದರೂ ಬೆಲೆ ಅದನ್ನು ಹಾರಿಕೊಂಡೇ ಶುರುವಾಗಬಹುದು.

ಅದೇ 27 ಪರ್ಸೆಂಟ್ ನಿಮ್ಮ ಶೇರಿಗೆ ಬಿತ್ತು ಅಂತ ಇಟ್ಟುಕೊಳ್ಳಿ. ಬೆಲೆ 730. ಶೇರಿಗೆ 270 ರೂಪಾಯಿ ಹೋಯಿತು, ಲಾಟಿಗೆ 1,35,000. ಬಂದಿದ್ದ 2,000 ಕಳೆದರೆ 1,33,000. ಒಂದೂವರೆ ಲಕ್ಷದಲ್ಲಿ 17,000 ಉಳಿಯಿತು. ಅದೇ ಬೆಳಗ್ಗೆ ಮಾರ್ಜಿನ್ ಕೂಡ ಏರಿರುತ್ತೆ, ಬ್ರೋಕರ್ ಫೋನ್ ಬರುತ್ತೆ.

ಹೊರಗೆ ಬರೋಣ ಅಂದರೆ ಇನ್ನೊಂದು ಸಮಸ್ಯೆ. ನೀವು ಹಾಕಿದ ದಿನ 1,000ದ ಸ್ಟ್ರೈಕ್‌ನಲ್ಲಿ ಭರ್ಜರಿ ವ್ಯಾಪಾರ ಇತ್ತು, ಕೊಳ್ಳುವ ಮಾರುವ ಬೆಲೆ ನಡುವೆ ಹತ್ತಿಪ್ಪತ್ತು ಪೈಸೆ ಅಂತರ. ಈಗ ಎಲ್ಲರೂ 730ರ ಸುತ್ತಮುತ್ತಲಿನ ಸ್ಟ್ರೈಕ್‌ಗೆ ಹೋಗಿದ್ದಾರೆ. ನಿಮ್ಮ 1,000ದ ಪುಟ್ ಕೇಳುವವರಿಲ್ಲ. ಸ್ಕ್ರೀನಿನಲ್ಲಿ ಕೊಳ್ಳುವವರು 255, ಮಾರುವವರು 285. ನಿಜವಾದ ಬೆಲೆ 270ರ ಹತ್ತಿರ ಅಂತ ಗೊತ್ತಿದ್ದೂ 285 ಕೊಟ್ಟು ವಾಪಸ್ ಕೊಂಡರೆ 7,500 ರೂಪಾಯಿ ದಂಡ. ಗಾಬರಿಯಲ್ಲಿ ಮಾರ್ಕೆಟ್ ಆರ್ಡರ್ ಒತ್ತಿದರಂತೂ ಯಾವ ಬೆಲೆಗೆ ಸಿಗುತ್ತೋ ದೇವರೇ ಬಲ್ಲ.

ಇಲ್ಲಿ ಗೊತ್ತಿದ್ದವರು ಪುಟ್ ಮುಟ್ಟುವುದೇ ಇಲ್ಲ. ಅದೇ ತಿಂಗಳ ಫ್ಯೂಚರ್ ಒಂದು ಲಾಟ್ ಮಾರುತ್ತಾರೆ. ಫ್ಯೂಚರ್‌ನಲ್ಲಿ ವ್ಯಾಪಾರ ಜೋರಾಗಿರುತ್ತೆ, 731ಕ್ಕೆ ಹೋಯಿತು ಅನ್ನಿ. ಮೊದಲು ಬಂದ 4 ಕಳೆದರೆ ನೀವು ಲೆಕ್ಕದಲ್ಲಿ 996ಕ್ಕೆ ಕೊಂಡವರು, 731ಕ್ಕೆ ಮಾರಿದಿರಿ. ನಷ್ಟ 265ರಂತೆ 1,32,500ಕ್ಕೆ ಬೀಗ ಬಿತ್ತು. ಆಮೇಲೆ ಶೇರು ಎಲ್ಲಿಗೆ ಹೋದರೂ ಅದು ಬದಲಾಗಲ್ಲ. ಎಕ್ಸ್‌ಪೈರಿ ದಿನ ಪುಟ್‌ನಿಂದ 500 ಶೇರು ಬರಬೇಕು, ಫ್ಯೂಚರ್‌ನಿಂದ 500 ಶೇರು ಕೊಡಬೇಕು. ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ಅಲ್ಲಿಯ ತನಕ ಮಾರ್ಜಿನ್ ಇರಬೇಕು ಅನ್ನೋದು ನೆನಪಿರಲಿ. ಶೇರು ಎಫ್ ಆ್ಯಂಡ್ ಓ ಬ್ಯಾನ್ ಪಟ್ಟಿಗೆ ಸೇರಿದ್ದರೆ ಹೊಸ ಫ್ಯೂಚರ್ ಮಾರಲು ಬಿಡದೆಯೂ ಇರಬಹುದು, ಬ್ರೋಕರನ್ನು ಮೊದಲು ಕೇಳಿ. ಇಷ್ಟೆಲ್ಲ ಆದ ಮೇಲೆ ಕೇಳಬೇಕಾದ ಪ್ರಶ್ನೆ, ಹೇಗೂ ಫ್ಯೂಚರ್ ಹತ್ತಿರವೇ ಬರಬೇಕಾದರೆ ಮೊದಲೇ ಫ್ಯೂಚರ್ ಕೊಳ್ಳಬಹುದಿತ್ತಲ್ಲ? ನನ್ನ ಮಟ್ಟಿಗೆ ಹೌದು. ಎರಡು ಕಡೆ ದಲ್ಲಾಳಿ ಖರ್ಚು, ಎರಡು ಕಡೆ ಬೆಲೆ ಅಂತರ ಕೊಟ್ಟು ಆಪ್ಷನ್‌ನಲ್ಲಿ ಮಾಡುವುದಕ್ಕೆ ಸಣ್ಣ ಹೂಡಿಕೆದಾರನಿಗೆ ಕಾರಣ ಅಪರೂಪ.

ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಒಂದು ಮಾತು. ಇಲ್ಲಿನ ಶೇರು ಆಪ್ಷನ್‌ಗಳು 2011ರಿಂದ ಎಕ್ಸ್‌ಪೈರಿ ದಿನ ಮಾತ್ರ ಜಾರಿಯಾಗುವಂಥವು. ನಿಮ್ಮಲ್ಲಿ ಪುಟ್ ಕೊಂಡವನು ಯಾವ ದಿನ ಬೇಕಾದರೂ ಶೇರನ್ನು ನಿಮ್ಮ ಮೇಲೆ ಹಾಕಬಹುದು. ಬೆಲೆ ತುಂಬಾ ಇಳಿದು ಪುಟ್‌ನ ಬೆಲೆಯಲ್ಲಿ ಉಳಿದ ದಿನಗಳಿಗಾಗಿ ಕೊಡುವ ಪಾಲು ಇಲ್ಲದಾದಾಗ, ಅದರಲ್ಲೂ ಎಕ್ಸ್-ಡೇಟ್ ಮುಗಿದ ಕೂಡಲೇ, ಹೀಗಾಗುವುದು ಜಾಸ್ತಿ.

ದಾವಣಗೆರೆಯವರೇ, ನೀವು ಈಗ ಮಾಡಬೇಕಾದ್ದು ಇಷ್ಟು. ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರದಿಂದ ಹಿಂದಕ್ಕೆ ಐದು ವಹಿವಾಟಿನ ದಿನ ಎಣಿಸಿ. ಆ ದಿನದೊಳಗೆ ಐದು ಲಕ್ಷ ನಗದು ಹೊಂದಿಸುವುದು ಆಗಲ್ಲ ಅಂದರೆ ಎರಡನ್ನೂ ಮುಚ್ಚಿ. ಲಿಮಿಟ್ ಆರ್ಡರ್ ಹಾಕಿ, ಪುಟ್ ಮೊದಲು, ಬೆನ್ನಿಗೇ ಕಾಲ್. ಕಂಪನಿ ನಿಮಗೆ ನಿಜಕ್ಕೂ ಇಷ್ಟ ಇದ್ದರೆ ಅದೇ ಒಂದೂವರೆ ಲಕ್ಷಕ್ಕೆ 150 ಶೇರು ಬರುತ್ತೆ. ಎಕ್ಸ್-ಡೇಟ್‌ಗೆ ಮೊದಲು ಕೊಂಡರೆ 1,500 ಡಿವಿಡೆಂಡ್ ನಿಮಗೇ. 27 ಪರ್ಸೆಂಟ್ ಬಿದ್ದ ದಿನ ಅದರಲ್ಲಿ 40,500 ಹೋಗುತ್ತೆ, ಫೋನ್ ಮಾಡುವವರು ಯಾರೂ ಇರಲ್ಲ.