ಒಲೆಯ ಮುಂದೆ ನಿಂತ ಇರುವೆಗೆ ಬಿಸಿ ತಾಗಿದ್ದು ಹೇಗೆ?

ಪ್ರಶ್ನೆ: ಮಗಳು ಏಳನೇ ಕ್ಲಾಸು. ಅಡುಗೆಮನೆಯಲ್ಲಿ ಎರಡು ಇರುವೆಗಳು ವಹನ, ಸಂವಹನ, ವಿಕಿರಣ ಮೂರನ್ನೂ ಕಂಡುಹಿಡಿಯುವ ಕಥೆ ಬರೆದಿದ್ದಾಳೆ. ಗಂಜಿಯ ಪಾತ್ರೆಯಲ್ಲಿಟ್ಟ ಸ್ಟೀಲ್ ಸೌಟಿನ ತುದಿಯಲ್ಲಿ ಕಾಲು ಸುಡುವುದು ವಹನ, ಗಂಜಿ ಕುದಿಯುವುದು ಸಂವಹನ, ಕಟ್ಟಿಗೆ ಒಲೆಯ ಮುಂದೆ ನಿಂತಾಗ ತಾಗುವ ಬಿಸಿ ವಿಕಿರಣ ಅಂತಾಳೆ. ಕೊನೆಯದ್ದು ಗಾಳಿ ಬಿಸಿಯಾಗಿ ಬರುವುದಲ್ವಾ? ಹಾಗಾದರೆ ಅದು ಸಂವಹನ ಆಗಬೇಕು ಅಂತ ನನ್ನ ಅನುಮಾನ. ಕಥೆಯಲ್ಲಿ ಏನು ತಿದ್ದಬೇಕು?
— ಒಬ್ಬ ತಾಯಿ, ಕಾಪು

ಉತ್ತರ: ಮಗಳು ಹೇಳಿದ್ದೇ ಸರಿ, ಅದು ವಿಕಿರಣ. ಆದರೆ ಇರುವೆಗಳಿಗೆ ಅದು ಗೊತ್ತಾದದ್ದು ಹೇಗೆ ಅಂತ ಕಥೆಯಲ್ಲಿ ಬರಬೇಕು. ಬರದಿದ್ದರೆ ನಿಮಗೆ ಬಂದ ಅನುಮಾನವೇ ಓದುವ ಎಲ್ಲರಿಗೂ ಬರುತ್ತದೆ. ಇರುವೆಗಳು ಪಾಠದ ಮೂರು ಹೆಸರು ಹೇಳಿದರೆ ಸಾಲದು, ಪರೀಕ್ಷೆ ಮಾಡಿ ನೋಡಬೇಕು.

ಮೊದಲು ಸೌಟು. ಉದ್ದ ಹಿಡಿಯ ಸ್ಟೀಲ್ ಸೌಟಿನ ತುದಿ ಅಷ್ಟು ಸುಲಭಕ್ಕೆ ಸುಡುವುದಿಲ್ಲ. ಲೋಹಗಳಲ್ಲಿ ಸ್ಟೀಲ್ ಬಿಸಿಯನ್ನು ನಿಧಾನಕ್ಕೆ ಸಾಗಿಸುವಂಥದ್ದು. ಅಲ್ಯುಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಸಾಗಿಸುತ್ತದೆ. ಹಾಗಾಗಿ ಕಥೆಯಲ್ಲಿ ಅಲ್ಯುಮಿನಿಯಂ ಸೌಟು ಇರಲಿ. ಅದರ ಹಿಡಿ ಪಾತ್ರೆಯ ಹೊರಗೆ ಚಾಚಿಕೊಂಡಿರಲಿ. ನೆಟ್ಟಗೆ ನಿಲ್ಲಿಸಿದರೆ ಗಂಜಿಯ ಹಬೆ ಹಿಡಿಗೆ ಬಡಿದು ಅದನ್ನು ಬಿಸಿ ಮಾಡುತ್ತದೆ. ಆಗ ವಹನದ ಜಾಗದಲ್ಲಿ ಸಂವಹನ ನುಸುಳುತ್ತದೆ.

ಇನ್ನೊಂದು ಮಾತು, ನಮ್ಮ ಮನೆಗಳ ಇರುವೆ ಸಾಮಾನ್ಯವಾಗಿ 50 ಡಿಗ್ರಿಗಿಂತ ಬಿಸಿಯಾದ ಜಾಗದಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ. ಅದರ ಕಾಲು ಸುಡಿಸಬೇಡಿ, ಹಿಂದೆ ತಿರುಗಿಸಿ. ಹೀಗೆ:

> ತಂಗಿ ಇರುವೆ ಸೌಟಿನ ಹಿಡಿಯ ಮೇಲೆ ಗಂಜಿಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ಮೀಸೆ ಎತ್ತಿ ನಿಂತು, ತಿರುಗಿ ಬಂತು.
>
> "ಎಂತ ಆಯ್ತು ಮಾರಾಯ್ತಿ?" ಅಕ್ಕ ಕೇಳಿತು.
>
> "ಮುಂದೆ ಹೋದಷ್ಟೂ ಬಿಸಿ ಉಂಟು ಅಕ್ಕ."
>
> ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಹೊರಟಿತು. ತಂಗಿ ತಿರುಗಿದ ಜಾಗದವರೆಗೂ ಅದಕ್ಕೆ ಹೋಗಲಾಗಲಿಲ್ಲ. ಮತ್ತೆ ತಂಗಿ ಹೋದಾಗ ಇನ್ನೂ ಹಿಂದೆಯೇ ತಿರುಗಬೇಕಾಯಿತು.
>
> "ಸೌಟು ಇದ್ದಲ್ಲೇ ಉಂಟು. ಬಿಸಿ ಮಾತ್ರ ನಮ್ಮ ಕಡೆ ನಡೆದು ಬರ್ತಾ ಉಂಟು!"

ವಹನ ಅಂದರೆ ಇದೇ. ವಸ್ತು ಜಾಗ ಬಿಡುವುದಿಲ್ಲ, ಕಣದಿಂದ ಪಕ್ಕದ ಕಣಕ್ಕೆ ಬಿಸಿ ದಾಟುತ್ತದೆ. ಆಮೇಲೆ ಇಬ್ಬರೂ ಪಕ್ಕದ ತೆಂಗಿನ ಗೆರಟೆ ಸೌಟಿನ ಮರದ ಹಿಡಿ ಹತ್ತಲಿ. ಅದರ ಮೇಲೆ ತುಂಬಾ ದೂರ ಹೋಗಬಹುದು.

ಎರಡನೆಯದಕ್ಕೆ 'ಗಂಜಿ ಕುದಿಯುವುದು' ಅಂತ ಬರೆಯದೆ, ಕುದಿಯುವ ಮೊದಲಿನ ಹೊತ್ತನ್ನು ತೆಗೆದುಕೊಳ್ಳಿ. ಕುದಿ ಬಂದ ಮೇಲೆ ಗುಳ್ಳೆಗಳೇ ಎಲ್ಲವನ್ನೂ ಎತ್ತಿ ಹಾಕುತ್ತವೆ, ನೀರಿನ ಸುತ್ತಾಟ ಕಾಣುವುದಿಲ್ಲ. ಕುಚ್ಚಲಕ್ಕಿಯ ತೌಡಿನ ಸಣ್ಣ ಚೂರುಗಳು ನೀರಿನಲ್ಲಿ ತೇಲಾಡುತ್ತಿರುತ್ತವೆ. ಅವು ನಡುವಿನಲ್ಲಿ ಮೇಲೆ ಬಂದು, ಅಂಚಿನ ಕಡೆ ಸರಿದು, ಕೆಳಗಿಳಿಯುತ್ತವೆ. ಕಿಟಕಿಯಲ್ಲಿ ಕುಳಿತ ಇರುವೆಗಳು ಅದನ್ನು ನೋಡಲಿ: "ಇಲ್ಲಿ ಬಿಸಿ ಒಂದೇ ಹೋಗ್ತಾ ಇಲ್ಲ ಅಕ್ಕ, ನೀರೇ ಅದನ್ನು ಹೊತ್ತುಕೊಂಡು ಹೋಗ್ತಾ ಉಂಟು." ಬಿಸಿ ನೀರು ಹಿಗ್ಗಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ತಣ್ಣನೆಯದು ಇಳಿಯುತ್ತದೆ. ಗಾಳಿಯೂ ಹೀಗೆಯೇ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಬೇಗ ಒಣಗುವುದಕ್ಕೆ ಮೇಲೇರುವ ಬಿಸಿ ಗಾಳಿ ಕಾರಣ. ಇಲ್ಲಿ 'ಮೇಲೆ' ಅನ್ನುವ ದಿಕ್ಕು ಮುಖ್ಯ. ನಿಮ್ಮ ಅನುಮಾನಕ್ಕೆ ಉತ್ತರ ಸಿಗುವುದೂ ಅದರಲ್ಲೇ.

ಒಲೆಯ ಬಾಯಿಯ ಮುಂದೆ, ನೆಲದ ಮೇಲೆ ನಿಂತ ಇರುವೆಯ ಕಡೆಗೆ ಬಿಸಿ ಗಾಳಿ ಬರುವುದೇ ಇಲ್ಲ. ಬಿಸಿಯಾದ ಗಾಳಿ ಹೊಗೆಯ ಜೊತೆ ಮೇಲಕ್ಕೆ ಹೋಗುತ್ತದೆ. ಬೆಂಕಿಗೆ ಬೇಕಾದ ಹೊಸ ಗಾಳಿ ನೆಲದ ಮಟ್ಟದಲ್ಲಿ, ಇರುವೆಯ ಬೆನ್ನ ಹಿಂದಿನಿಂದ ಒಲೆಯೊಳಗೆ ಹೋಗುತ್ತದೆ. ಅದು ತಣ್ಣಗಿನ ಗಾಳಿ. ಆದರೂ ಮುಖಕ್ಕೆ ಬಿಸಿ ಹೊಡೆಯುತ್ತದೆ. ಕಥೆಯ ಒಳ್ಳೆಯ ಭಾಗ ಇದು, ಇಲ್ಲಿ ಅವಸರ ಮಾಡುವುದು ಬೇಡ.

> "ಗಾಳಿ ಬಿಸಿಯಾಗಿ ನಮ್ಮ ಕಡೆ ಬರ್ತಾ ಉಂಟು," ಅಂದಿತು ಅಕ್ಕ.
>
> "ಬರ್ತಾ ಇಲ್ಲ ಅಕ್ಕ, ಹೋಗ್ತಾ ಉಂಟು. ಆ ಬೂದಿ ನೋಡು."
>
> ನೆಲದಲ್ಲಿದ್ದ ಹಗುರ ಬೂದಿಯ ಚೂರೊಂದು ಮೆಲ್ಲಗೆ ಒಲೆಯ ಕಡೆಗೆ ಜಾರುತ್ತಿತ್ತು.
>
> ಅಷ್ಟರಲ್ಲಿ ಮನೆಯ ಅಮ್ಮ ಒಂದು ಸ್ಟೀಲ್ ತಟ್ಟೆಯನ್ನು ಒಲೆಗೂ ಇರುವೆಗಳಿಗೂ ನಡುವೆ ನಿಲ್ಲಿಸಿಟ್ಟರು. ಆ ಕ್ಷಣವೇ ಬಿಸಿ ನಿಂತಿತು. ತಟ್ಟೆ ತೆಗೆದರು. ಆ ಕ್ಷಣವೇ ಮತ್ತೆ ಬಂತು.
>
> "ಸೌಟಿನಲ್ಲಿ ಎಷ್ಟು ಹೊತ್ತು ಕಾಯಬೇಕಾಯ್ತು! ಇದು ಕಾಯಿಸುವುದೇ ಇಲ್ಲ," ಅಂದಿತು ತಂಗಿ.

ಬೂದಿ ಸರಿದ ದಿಕ್ಕು ಮತ್ತು ಬಿಸಿ ನಿಂತ ವೇಗ, ಈ ಎರಡೂ ಒಟ್ಟಿಗೆ ಬೇಕು. ತಟ್ಟೆ ಅಡ್ಡ ಇಟ್ಟಾಗ ಬಿಸಿ ನಿಂತಿತು ಅಂದರೆ ಸಾಲದು, ತಟ್ಟೆ ಗಾಳಿಯನ್ನೂ ತಡೆಯುತ್ತದಲ್ವಾ? ಗಾಳಿ ಒಲೆಯ ಕಡೆಗೇ ಹೋಗುತ್ತಿದೆ ಅಂತ ಬೂದಿ ತೋರಿಸಿದ ಮೇಲೆ ಆ ಮಾತಿಗೆ ಜಾಗ ಉಳಿಯುವುದಿಲ್ಲ. ಕೆಂಡದಿಂದ ಹೊರಡುವ ಕಿರಣಗಳು ಬೆಳಕಿನ ವೇಗದಲ್ಲೇ ಬರುತ್ತವೆ, ಅವಕ್ಕೆ ನಡುವೆ ಗಾಳಿ ಇರಲೇಬೇಕು ಅಂತಿಲ್ಲ. ಸೂರ್ಯನ ಬಿಸಿ ನಮಗೆ ತಲುಪುವುದೂ ಹೀಗೆಯೇ. ಅಂದಹಾಗೆ, ದಕ್ಷಿಣ ಅಮೆರಿಕದ ಎಲೆ ಕತ್ತರಿಸುವ ಒಂದು ಜಾತಿಯ ಇರುವೆಯ ಮೀಸೆಯಲ್ಲಿ ಇಂಥ ಕಿರಣದ ಬಿಸಿಯನ್ನು ಗುರುತಿಸುವ ಅಂಗವೇ ಇದೆ. ಮಗಳಿಗೆ ಹೇಳಿ, ಅವಳ ಕಥೆ ಬರೀ ಕಲ್ಪನೆಯಲ್ಲ.

ಬೇಕಿದ್ದರೆ ಇನ್ನೊಂದು ತಿರುವು ಸೇರಿಸಬಹುದು. ಅಮ್ಮ ತಟ್ಟೆಯ ಬದಲು ನೀರುದೋಸೆಯ ಕಪ್ಪು ಕಾವಲಿಯನ್ನು ಅಡ್ಡ ಇಡಲಿ. ಮೊದಲು ಬಿಸಿ ನಿಲ್ಲುತ್ತದೆ. ಕೆಲವು ನಿಮಿಷದ ಮೇಲೆ ಅದರ ಹಿಂದೆಯೂ ಮೆಲ್ಲಗೆ ಬಿಸಿ ಶುರುವಾಗುತ್ತದೆ. ಹೊಳೆಯುವ ತಟ್ಟೆ ಹೆಚ್ಚಿನ ಕಿರಣಗಳನ್ನು ವಾಪಸ್ ಕಳಿಸಿತ್ತು. ಕಪ್ಪು ಕಾವಲಿ ಅವನ್ನು ಹೀರಿಕೊಂಡು ತಾನೇ ಬಿಸಿಯಾಗುತ್ತದೆ, ಆ ಬಿಸಿ ಕಬ್ಬಿಣದೊಳಗೆ ವಹನವಾಗಿ ಹಿಂಬದಿಗೆ ಬರುತ್ತದೆ, ಅಲ್ಲಿಂದ ಮತ್ತೆ ಕಿರಣವಾಗಿ ಇರುವೆಗೆ ತಾಗುತ್ತದೆ. ಅಕ್ಕ ತಂಗಿ ಸ್ವಲ್ಪ ಜಗಳ ಮಾಡಿ ಇದನ್ನು ಬಿಡಿಸಲಿ.

ಮಗಳು ಮನೆಯಲ್ಲೇ ಪರೀಕ್ಷೆ ಮಾಡುವುದಾದರೆ ದೊಡ್ಡವರು ಜೊತೆಗಿರಲಿ. ಕೆಂಡದ ಒಲೆಯ ಮುಂದೆ ಒಂದು ಮಾರು ದೂರ ಕುಳಿತು, ಮುಖಕ್ಕೂ ಒಲೆಗೂ ನಡುವೆ ತಟ್ಟೆ ಹಿಡಿದು ತೆಗೆದರೆ ಸಾಕು. ಗ್ಯಾಸ್ ಒಲೆಯಲ್ಲಿ ಇದು ಅಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ನೀಲಿ ಉರಿ ಪಕ್ಕಕ್ಕೆ ಕಿರಣ ಬೀರುವುದು ಕಡಿಮೆ, ಅದರ ಹೆಚ್ಚಿನ ಬಿಸಿ ಗಾಳಿಯ ಜೊತೆ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಕಥೆಯಲ್ಲಿ ಕಟ್ಟಿಗೆ ಒಲೆಯನ್ನೇ ಉಳಿಸಿಕೊಳ್ಳಿ.